ವಿಮಾ ಏಜೆಂಟ್ ಆಗುವ ಮುನ್ನ: ಅರ್ಹತೆ, ಐಸಿ-38 ಪರೀಕ್ಷೆ ಮತ್ತು ಒಂದಕ್ಕೊಂದು ಹೊಂದದ ಕಾಗದಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಜೀವ ವಿಮಾ ಏಜೆಂಟ್ ಆಗಲು ಬರುವವರನ್ನು ಹಲವು ವರ್ಷ ಹತ್ತಿರದಿಂದ ಕಂಡವನಾಗಿ ಮೊದಲಿಗೇ ಒಂದು ಮಾತನ್ನು ಹೇಳುತ್ತೇನೆ. ಪರೀಕ್ಷೆಗೆ ಹೆದರಿ ಹಿಂದೆ ಸರಿಯುವವರು ಬಹಳ, ಆದರೆ ಪರೀಕ್ಷೆಯಲ್ಲಿ ಸೋತು ನಿಲ್ಲುವವರು ಕಡಿಮೆ. ನಿಜವಾಗಿ ತಡವಾಗುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಬ್ಬರೇ ವ್ಯಕ್ತಿ ನಾಲ್ಕು ಹೆಸರುಗಳಿಂದ ಕಾಣಿಸಿಕೊಳ್ಳುವುದರಿಂದ. ಆದ್ದರಿಂದ ಈ ಬರಹದಲ್ಲಿ ಪರೀಕ್ಷೆಗೆ ಎಷ್ಟು ಜಾಗವಿದೆಯೋ ಕಾಗದಗಳಿಗೆ ಅದಕ್ಕಿಂತ ಹೆಚ್ಚಿನ ಜಾಗವಿದೆ.

‘ಲೈಸೆನ್ಸ್’ ಎಂದು ಕರೆಯುವುದು ಈಗ ಏನಾಗಿದೆ

ನಮ್ಮ ಕಡೆ ಇಂದಿಗೂ ಜನ ‘ಏಜೆಂಟ್ ಲೈಸೆನ್ಸ್ ಮಾಡಿಸಬೇಕು’ ಎಂದೇ ಹೇಳುತ್ತಾರೆ. ಹಿಂದೆ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ, ಅಂದರೆ ಐಆರ್‌ಡಿಎಐನ, ಹೆಸರಿನಲ್ಲಿ ಮೂರು ವರ್ಷದ ಲೈಸೆನ್ಸ್ ಕೊಡುತ್ತಿದ್ದರು; ಅವಧಿ ಮುಗಿದಾಗ ನವೀಕರಣಕ್ಕೆ ಓಡಾಡಬೇಕಿತ್ತು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿಯಾದ ನಂತರ ಆ ವ್ಯವಸ್ಥೆ ಹೋಯಿತು. ಈಗ ವಿಮಾ ಕಂಪನಿಯೇ ತನ್ನ ಏಜೆಂಟನ್ನು ನೇಮಿಸುತ್ತದೆ, ನೇಮಕಾತಿ ಪತ್ರವನ್ನೂ ಏಜೆನ್ಸಿ ಕೋಡನ್ನೂ ಗುರುತಿನ ಚೀಟಿಯನ್ನೂ ತಾನೇ ಕೊಡುತ್ತದೆ. ನೇಮಕದ ಕ್ರಮವನ್ನು 2016ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪ್ರಾಧಿಕಾರದ ನಿಯಮಾವಳಿ ಹೇಳುತ್ತದೆ.

ಈ ಬದಲಾವಣೆಯಿಂದ ಹೊಸಬರಿಗೆ ತಿಳಿದಿರಬೇಕಾದ ಸಂಗತಿ ಒಂದೇ: ಕಂಪನಿ ಯಾವುದೆಂದು ಗೊತ್ತಾಗದೆ ಏನೂ ಆರಂಭವಾಗುವುದಿಲ್ಲ. ಮೊದಲು ಪರೀಕ್ಷೆ ಪಾಸಾಗಿ ಆಮೇಲೆ ಕಂಪನಿ ಹುಡುಕುತ್ತೇನೆ ಎನ್ನುವುದು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಅಭ್ಯರ್ಥಿಯನ್ನು ಪರೀಕ್ಷೆಗೆ ಹೆಸರು ನೋಂದಾಯಿಸಿ ಕಳುಹಿಸುವುದೇ ಕಂಪನಿ. ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ ಮತ್ತು ಒಂದು ಆರೋಗ್ಯ ವಿಮಾ ಕಂಪನಿಗೆ ಕೆಲಸ ಮಾಡಬಹುದು, ಆದರೆ ಎರಡು ಜೀವ ವಿಮಾ ಕಂಪನಿಗಳಿಗೆ ಒಟ್ಟಿಗೆ ಮಾಡುವಂತಿಲ್ಲ. ಭಾರತೀಯ ಜೀವ ವಿಮಾ ನಿಗಮವನ್ನು ಆರಿಸಿಕೊಳ್ಳುವವರಿಗೆ ಈ ಭಾಗದ ಶಾಖೆಗಳು ರಾಯಚೂರು ವಿಭಾಗೀಯ ಕಚೇರಿಯ ಕೆಳಗೆ ಬರುತ್ತವೆ. ಖಾಸಗಿ ಕಂಪನಿಯಾದರೆ ಅದರ ಹತ್ತಿರದ ಶಾಖೆಯ ಮೂಲಕ ಹೋಗಬೇಕು. ಕ್ರಮ ಎರಡರಲ್ಲೂ ಒಂದೇ.

ಹೆಜ್ಜೆ ಒಂದು: ಅರ್ಹತೆ ಇದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳುವುದು

ಹದಿನೆಂಟು ವರ್ಷ ತುಂಬಿರಬೇಕು ಮತ್ತು ಹತ್ತನೆಯ ತರಗತಿ ಪಾಸಾಗಿರಬೇಕು. ಹಿಂದೆ ಐದು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿನವರಿಗೆ ಪಿಯುಸಿ ಬೇಕಿತ್ತು. ಆ ನೆನಪಿನಿಂದ ಈಗಲೂ ಕೆಲವರು ‘ಪಿಯುಸಿ ಫೇಲಾಗಿದ್ದೇನೆ, ಆಗಲಾರದು’ ಎಂದುಕೊಂಡು ಸುಮ್ಮನಿದ್ದಾರೆ. ಎಸ್ಸೆಸ್ಸೆಲ್ಸಿ ಪಾಸಾದ ಅಂಕಪಟ್ಟಿ ಸಾಕು.

ಕಾಯ್ದೆಯ 42ನೆಯ ಕಲಮು ಯಾರು ಏಜೆಂಟ್ ಆಗಬಾರದು ಎಂಬುದನ್ನೂ ಹೇಳುತ್ತದೆ. ವಂಚನೆ, ನಂಬಿಕೆ ದ್ರೋಹ, ಹಣ ದುರುಪಯೋಗ ಅಥವಾ ಖೋಟಾ ದಾಖಲೆಯ ಪ್ರಕರಣದಲ್ಲಿ ನ್ಯಾಯಾಲಯವು ತಪ್ಪಿತಸ್ಥರೆಂದು ತೀರ್ಮಾನಿಸಿದವರು, ನ್ಯಾಯಾಲಯವು ಮಾನಸಿಕ ಅಸ್ವಸ್ಥರೆಂದು ಘೋಷಿಸಿದವರು, ವಿಮಾ ಕಂಪನಿಗೆ ಮೋಸ ಮಾಡುವುದರಲ್ಲಿ ತಿಳಿದೂ ಪಾಲುಗೊಂಡವರು ಆಗುವಂತಿಲ್ಲ. ಹೊಲದ ಬದುವಿನ ಜಗಳದ ಮೊಕದ್ದಮೆ ಬಾಕಿ ಇರುವವರು ಇದನ್ನು ಓದಿ ಗಾಬರಿಯಾಗಬೇಕಿಲ್ಲ, ಏಕೆಂದರೆ ಇಲ್ಲಿ ಹೇಳಿರುವುದು ಈ ಬಗೆಯ ಅಪರಾಧಗಳಲ್ಲಿ ಆದ ಶಿಕ್ಷೆಯನ್ನು. ಆದರೂ ಅರ್ಜಿಯಲ್ಲಿ ಕೇಳಿದ ಪ್ರಶ್ನೆಗೆ ಇದ್ದದ್ದನ್ನು ಇದ್ದಂತೆ ಬರೆಯಬೇಕು.

ಸರ್ಕಾರಿ ನೌಕರರ ವಿಚಾರ ಬೇರೆ. ವಿಮಾ ಕಾಯ್ದೆ ಅವರನ್ನು ತಡೆಯುವುದಿಲ್ಲ, ಅವರ ನಡತೆ ನಿಯಮಗಳು ತಡೆಯುತ್ತವೆ. ಅದಕ್ಕಾಗಿ ಎಷ್ಟೋ ಮನೆಗಳಲ್ಲಿ ಏಜೆನ್ಸಿ ಹೆಂಡತಿಯ ಹೆಸರಿನಲ್ಲಿರುತ್ತದೆ, ಓಡಾಟ ಮಾತ್ರ ಗಂಡನದು. ಹೆಂಡತಿಯ ಏಜೆನ್ಸಿಗಾಗಿ ನೌಕರನು ಪ್ರಚಾರ ಮಾಡುವುದನ್ನೂ ಆ ನಿಯಮಗಳು ಉಲ್ಲಂಘನೆಯೆಂದೇ ಎಣಿಸುತ್ತವೆ. ಶಿಕ್ಷಕರ ಕೊಠಡಿಯಲ್ಲಿ ಕುಳಿತು ಸಹೋದ್ಯೋಗಿಗಳ ಪ್ರಸ್ತಾವನೆ ಪತ್ರ ತುಂಬಿಸುವ ಮೇಷ್ಟ್ರು ತಮ್ಮ ಕೆಲಸವನ್ನೇ ಅಪಾಯಕ್ಕೆ ಒಡ್ಡುತ್ತಿರುತ್ತಾರೆ.

ಇನ್ನೊಂದು ಅಡ್ಡಿ ಅಭ್ಯರ್ಥಿಗೇ ಗೊತ್ತಿರುವುದಿಲ್ಲ. ವರ್ಷಗಳ ಹಿಂದೆ ಯಾರದೋ ಒತ್ತಾಯಕ್ಕೆ ಒಂದು ಕಂಪನಿಯಲ್ಲಿ ಏಜೆಂಟ್ ಆಗಿ, ಎರಡು ಪಾಲಿಸಿ ಮಾಡಿ ಬಿಟ್ಟಿರುತ್ತಾರೆ. ಆದರೆ ಕಡತದಲ್ಲಿ ಆ ನೇಮಕ ಇನ್ನೂ ಜೀವಂತವಾಗಿರುತ್ತದೆ. ಹೊಸ ಕಂಪನಿಯ ಅಧಿಕಾರಿ ಪ್ಯಾನ್ ಸಂಖ್ಯೆ ಹಾಕಿದ ಕೂಡಲೇ ಅದು ಎದುರಿಗೆ ಬರುತ್ತದೆ. ಇದನ್ನು ನೀವೇ ಮೊದಲು ನೋಡಬಹುದು: agencyportal.irdai.gov.in ತಾಣದಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಹುಡುಕುವ ಸೌಲಭ್ಯ ಸಾರ್ವಜನಿಕರಿಗೆ ತೆರೆದಿದೆ. ಹಳೆಯ ಜೀವ ವಿಮಾ ನೇಮಕ ಕಂಡುಬಂದರೆ ಆ ಕಂಪನಿಗೆ ರಾಜೀನಾಮೆ ಕೊಟ್ಟು, ನೇಮಕಾತಿ ಪತ್ರ ಮತ್ತು ಗುರುತಿನ ಚೀಟಿಯನ್ನು ಹಿಂದಿರುಗಿಸಿ, ಏಜೆನ್ಸಿ ನಿಂತಿದೆ ಎಂಬ ಪ್ರಮಾಣಪತ್ರವನ್ನು ಪಡೆಯಬೇಕು. ಆ ಪ್ರಮಾಣಪತ್ರ ಕೊಟ್ಟ ದಿನದಿಂದ 90 ದಿನ ಕಳೆದ ಮೇಲೆಯೇ ಬೇರೊಂದು ಜೀವ ವಿಮಾ ಕಂಪನಿ ಅರ್ಜಿಯನ್ನು ಪರಿಶೀಲಿಸುತ್ತದೆ. ಮೂರು ತಿಂಗಳ ಈ ಕಾಯುವಿಕೆ ತರಬೇತಿ, ಪರೀಕ್ಷೆ ಎಲ್ಲ ಮುಗಿದ ಮೇಲೆ ತಿಳಿದರೆ ಮನಸ್ಸಿಗೆ ಬೇಸರ. ಮೊದಲೇ ತಿಳಿದರೆ ಓದಿಗೆ ಸಿಕ್ಕ ಸಮಯ.

ಹೆಜ್ಜೆ ಎರಡು: ನಾಲ್ಕು ಕಾಗದ, ಒಂದು ಹೆಸರು

ಬೇಕಾಗುವ ಮೂಲ ಕಾಗದಗಳು ಹೆಚ್ಚೇನಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್ ಕಾರ್ಡ್, ವಿಳಾಸ ಮತ್ತು ಗುರುತಿಗೆ ಆಧಾರ್, ಕಮಿಷನ್ ಜಮೆಯಾಗಲು ಬ್ಯಾಂಕ್ ಖಾತೆಯ ರದ್ದು ಮಾಡಿದ ಚೆಕ್ ಅಥವಾ ಪಾಸ್‌ಬುಕ್ಕಿನ ಮೊದಲ ಪುಟ, ಇವುಗಳ ಜೊತೆಗೆ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು. ಇವೆಲ್ಲವನ್ನು ಹಿಡಿದು ಕಟ್ಟುವುದು ಪ್ಯಾನ್. ಪರೀಕ್ಷೆಯ ನೋಂದಣಿ, ಪ್ರಮಾಣಪತ್ರ, ನೇಮಕಾತಿ, ಕಮಿಷನ್ನಿನ ಮೇಲೆ ಕಡಿತವಾಗುವ ತೆರಿಗೆ, ಎಲ್ಲವೂ ಪ್ಯಾನ್ ಸಂಖ್ಯೆಯ ಮೇಲೆ ನಡೆಯುತ್ತವೆ.

ನಮ್ಮ ಜಿಲ್ಲೆಗಳಲ್ಲಿ ಹೆಸರು ಏಕೆ ಹೊಂದುವುದಿಲ್ಲ ಎಂಬುದಕ್ಕೆ ಕಾರಣವಿದೆ. ಶಾಲೆಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಷಿಯಲ್ ಹಾಕಿ ಮುಗಿಸುತ್ತಾರೆ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲ, ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು. ಹೀಗಾಗಿ ತಂದೆಯ ಹೆಸರೋ ಮನೆತನದ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿ ಸೇರಿಕೊಳ್ಳುತ್ತದೆ. ಯಾವುದು ಸೇರಬೇಕೆಂದು ನಿರ್ಧರಿಸುವವನು ಹಲವು ಬಾರಿ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವ ಹುಡುಗ. ಹನುಮಂತಪ್ಪ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ‘ಎಚ್’ ಸೇರಿಸಿ, ಬಿಟ್ಟು, ‘ಹನಮಂತಪ್ಪ’ ಎಂದು ಮೂರ್ನಾಲ್ಕು ಬಗೆಯಲ್ಲಿ ಬರೆಯುವುದನ್ನು ನಾನೇ ಕಂಡಿದ್ದೇನೆ. ಹುಟ್ಟಿದ ದಿನಾಂಕದ ಕಥೆಯೂ ಹೀಗೆಯೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಅಂಕಪಟ್ಟಿಯಲ್ಲಿರುತ್ತದೆ. ಆಧಾರ್ ಮಾಡಿಸುವಾಗ ವಯಸ್ಸನ್ನಷ್ಟೇ ಹೇಳಿದವರಿಗೆ ಜನವರಿ 1 ಬಿದ್ದಿರುತ್ತದೆ.

ಒಂದು ಪ್ರಕರಣವನ್ನು ಬಿಡಿಸಿ ನೋಡೋಣ. ಕಾರಟಗಿ ಕಡೆಯ ಒಬ್ಬ ಗೃಹಿಣಿ. ಹೆಸರನ್ನು ಗಂಗಮ್ಮ ಎಂದಿಟ್ಟುಕೊಳ್ಳಿ. ಅಂಕಪಟ್ಟಿಯಲ್ಲಿ ‘ಗಂಗಮ್ಮ ಎಚ್.’, ತಂದೆ ಹನುಮಂತಪ್ಪ, ಜನ್ಮದಿನಾಂಕ 1-6-1996. ಆಧಾರ್‌ನಲ್ಲಿ ‘ಗಂಗಮ್ಮ ಹನುಮಂತಪ್ಪ’, 1-1-1996. ಮದುವೆಯಾದ ಮೇಲೆ ಮಾಡಿಸಿದ ಪ್ಯಾನ್‌ನಲ್ಲಿ ‘ಗಂಗಮ್ಮ ವೀರೇಶ’, 1-6-1996. ಸ್ವಸಹಾಯ ಸಂಘದ ಸಾಲಕ್ಕೆಂದು ತೆರೆದ ಬ್ಯಾಂಕ್ ಖಾತೆಯಲ್ಲಿ ‘ಗಂಗವ್ವ’. ಹೆಸರೂ ದಿನಾಂಕವೂ ಬೇರೆಯಾಗಿದ್ದ ಕಾರಣ ಪ್ಯಾನ್ ಮತ್ತು ಆಧಾರ್ ಜೋಡಣೆಯಾಗಿರಲಿಲ್ಲ, ಜೋಡಣೆಯಾಗದ ಪ್ಯಾನ್ ನಿಷ್ಕ್ರಿಯವಾಗಿತ್ತು. ಆಕೆಯ ಮನೆಯವರು ‘ಪರೀಕ್ಷೆ ಮುಗಿಯಲಿ, ಆಮೇಲೆ ಸರಿಮಾಡಿಸಿದರಾಯಿತು’ ಎಂದರು. ಅದು ತಪ್ಪು ಕ್ರಮ. ಪ್ಯಾನ್‌ನಲ್ಲಿ ಆ ಹೊತ್ತಿಗೆ ಯಾವ ಹೆಸರಿದೆಯೋ ಅದೇ ಹೆಸರಿನಲ್ಲಿ ಪರೀಕ್ಷಾ ನೋಂದಣಿಯಾಗುತ್ತದೆ, ಅದೇ ಹೆಸರು ಪ್ರಮಾಣಪತ್ರದಲ್ಲಿ ಅಚ್ಚಾಗುತ್ತದೆ. ಪಾಸಾದ ಮೇಲೆ ಪ್ಯಾನ್ ತಿದ್ದಿದರೆ ಪ್ರಮಾಣಪತ್ರ ಮತ್ತೊಂದು ಹೊಂದದ ಕಾಗದವಾಗಿ ನಿಲ್ಲುತ್ತದೆ.

ಸರಿಯಾದ ಕ್ರಮವನ್ನು ಹುಡುಕಲು ಒಂದು ಪ್ರಶ್ನೆ ಸಾಕು: ಈ ನಾಲ್ಕರಲ್ಲಿ ತಿದ್ದಲು ಅತಿ ಕಷ್ಟವಾದದ್ದು ಯಾವುದು? ಅದು ಅಂಕಪಟ್ಟಿ, ಶಾಲೆಯ ಮುಖ್ಯೋಪಾಧ್ಯಾಯರಿಂದ ಮಂಡಳಿಯವರೆಗೆ ಹೋಗಬೇಕಾದ ಅದನ್ನು ಮುಟ್ಟದಿರುವುದೇ ಲೇಸು. ಆದ್ದರಿಂದ ಅಂಕಪಟ್ಟಿಯನ್ನು ಗೂಟವಾಗಿ ನೆಟ್ಟು ಉಳಿದ ಮೂರನ್ನು ಅದಕ್ಕೆ ಎಳೆದು ಕಟ್ಟಬೇಕು. ಗಂಗಮ್ಮನ ಅಂಕಪಟ್ಟಿಯಲ್ಲಿ ‘ಎಚ್.’ ಎಂದಷ್ಟೇ ಇದ್ದರೂ ತಂದೆಯ ಹೆಸರು ಅದರಲ್ಲೇ ಅಚ್ಚಾಗಿರುವುದರಿಂದ ಎಚ್ ಎಂದರೆ ಹನುಮಂತಪ್ಪ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾಗಾಗಿ ‘ಗಂಗಮ್ಮ ಹನುಮಂತಪ್ಪ, 1-6-1996’ ಎಂಬುದು ಎಲ್ಲ ಕಡೆಯೂ ಇರಬೇಕಾದ ಹೆಸರು ಮತ್ತು ದಿನಾಂಕ ಎಂದು ತೀರ್ಮಾನವಾಯಿತು. ಮದುವೆಯಾದವರು ಗಂಡನ ಹೆಸರನ್ನೇ ಇಟ್ಟುಕೊಳ್ಳಲು ಬಯಸಿದರೆ ಅದಕ್ಕೂ ದಾರಿಯಿದೆ, ವಿವಾಹ ನೋಂದಣಿ ಪ್ರಮಾಣಪತ್ರ ಬೇಕಾಗುತ್ತದೆ; ಆದರೆ ಆಗ ಆಧಾರ್, ಪ್ಯಾನ್, ಬ್ಯಾಂಕ್ ಮೂರೂ ಆ ಹೆಸರಿಗೆ ಬರಬೇಕು, ಅರ್ಧಕ್ಕೆ ಬಿಡಬಾರದು.

ಮೊದಲು ಆಧಾರ್. ಅಂಕಪಟ್ಟಿಯನ್ನು ಪುರಾವೆಯಾಗಿ ತೋರಿಸಿ ಆಧಾರ್ ಕೇಂದ್ರದಲ್ಲಿ ಜನ್ಮದಿನಾಂಕವನ್ನು ತಿದ್ದಿಸಬೇಕು. ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡು ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ಬದಲಿಸಲು ಅವಕಾಶವಿದೆ. ಆದ್ದರಿಂದ ಕೇಂದ್ರದವರು ಪರದೆಯಲ್ಲಿ ಟೈಪ್ ಮಾಡಿದ್ದನ್ನು ಸ್ವೀಕೃತಿ ಚೀಟಿ ಮುದ್ರಿಸುವ ಮುನ್ನ ಅಕ್ಷರ ಅಕ್ಷರವಾಗಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಓದಿ ನೋಡಿ. ಅವಸರದಲ್ಲಿ ಹಾಕಿಸಿದ ತಪ್ಪು ದಿನಾಂಕಕ್ಕೆ ಎರಡನೆಯ ಅವಕಾಶ ಸುಲಭವಾಗಿ ಸಿಗುವುದಿಲ್ಲ.

ಆಧಾರ್ ಸರಿಯಾದ ಮೇಲೆ ಪ್ಯಾನ್. ಪ್ಯಾನ್ ತಿದ್ದುಪಡಿಗೆ ಆಧಾರ್ ಪುರಾವೆಯಾಗುವುದರಿಂದ ಈ ಎರಡರ ಕ್ರಮವನ್ನು ತಿರುವು ಮುರುವು ಮಾಡಬಾರದು. ಪ್ರೋಟಿಯನ್ ಅಥವಾ ಯುಟಿಐ ಸಂಸ್ಥೆಯ ಜಾಲತಾಣದಲ್ಲಿ ಹೊಸ ಪ್ಯಾನ್ ಅರ್ಜಿಯನ್ನಲ್ಲ, ಪ್ಯಾನ್ ವಿವರಗಳ ತಿದ್ದುಪಡಿಯ ಅರ್ಜಿಯನ್ನು ಆರಿಸಬೇಕು. ಅಂಗಡಿಯವರು ಕೆಲವೊಮ್ಮೆ ‘ಹೊಸದು ಮಾಡಿಬಿಡೋಣ’ ಎನ್ನುತ್ತಾರೆ. ಒಬ್ಬರಿಗೆ ಎರಡು ಪ್ಯಾನ್ ಇರುವುದು ಕಾನೂನಿಗೆ ವಿರುದ್ಧ ಮತ್ತು ದಂಡಕ್ಕೆ ಗುರಿ. ಪ್ಯಾನ್ ತಿದ್ದಿ ಬಂದ ನಂತರ ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ಆಧಾರ್ ಜೋಡಣೆ. ಗಡುವು ದಾಟಿದವರು ಅದಕ್ಕೆ 1,000 ರೂಪಾಯಿ ಕಟ್ಟಬೇಕಾಗುತ್ತದೆ. ಗಂಗಮ್ಮನೂ ಕಟ್ಟಿದಳು. ಕೊನೆಯಲ್ಲಿ ಹೊಸ ಆಧಾರ್ ಮತ್ತು ಪ್ಯಾನ್ ಹಿಡಿದು ಬ್ಯಾಂಕಿಗೆ ಹೋಗಿ ‘ಗಂಗವ್ವ’ನನ್ನು ಗಂಗಮ್ಮ ಮಾಡಿಸಿದ್ದಾಯಿತು. ಇಷ್ಟಕ್ಕೆ ಸುಮಾರು ಎರಡು ತಿಂಗಳು ಹಿಡಿಯಿತು, ಆ ಅವಧಿಯಲ್ಲಿ ಆಕೆ ಪುಸ್ತಕ ಓದಿದಳು.

ನೋಟರಿಯ ಮುಂದೆ ‘ಈ ಎರಡೂ ಹೆಸರು ನನ್ನವೇ’ ಎಂದು ಅಫಿಡವಿಟ್ ಮಾಡಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅಂಕಪಟ್ಟಿಯ ಇನಿಷಿಯಲ್‌ನಂತಹ ಸಣ್ಣ ವ್ಯತ್ಯಾಸಕ್ಕೆ ಶಾಖೆಯವರು ಒಪ್ಪಬಹುದು. ಆದರೆ ಪ್ಯಾನ್ ಮತ್ತು ಆಧಾರ್ ನಡುವಿನ ವ್ಯತ್ಯಾಸವನ್ನು ತಾಳೆ ನೋಡುವುದು ಯಂತ್ರ. ಅದು ಅಫಿಡವಿಟ್ ಓದುವುದಿಲ್ಲ.

ಹೆಜ್ಜೆ ಮೂರು: ನೋಂದಣಿ ಮತ್ತು ತರಬೇತಿ

ಕಾಗದಗಳು ಹೊಂದಿದ ಮೇಲೆ ಕಂಪನಿಯ ಅಭಿವೃದ್ಧಿ ಅಧಿಕಾರಿ ಅಥವಾ ಶಾಖೆಯವರು ಅಭ್ಯರ್ಥಿಯ ವಿವರಗಳನ್ನು ಪೋರ್ಟಲ್‌ಗೆ ಏರಿಸಿ ಯುಆರ್‌ಎನ್ ಎಂಬ ಉಲ್ಲೇಖ ಸಂಖ್ಯೆಯನ್ನು ಪಡೆಯುತ್ತಾರೆ. ಪರೀಕ್ಷೆಯ ಶುಲ್ಕ, ದಿನಾಂಕ, ಹಾಲ್ ಟಿಕೆಟ್ ಎಲ್ಲಕ್ಕೂ ಈ ಸಂಖ್ಯೆಯೇ ಆಧಾರ. ಆ ಹೊತ್ತಿಗೆ ಪಕ್ಕದಲ್ಲಿ ಕುಳಿತು ಹೆಸರು, ಜನ್ಮದಿನಾಂಕ, ಮೊಬೈಲ್ ಸಂಖ್ಯೆ ಮತ್ತು ಪರೀಕ್ಷೆಯ ಭಾಷೆಯನ್ನು ನೀವೇ ನೋಡಿ. ಭಾಷೆಯ ಜಾಗದಲ್ಲಿ ಇಂಗ್ಲಿಷ್ ಹಾಗೆಯೇ ಉಳಿದುಬಿಟ್ಟು, ಕನ್ನಡದಲ್ಲಿ ಓದಿಕೊಂಡು ಹೋದವರು ಪರದೆಯ ಮುಂದೆ ತಬ್ಬಿಬ್ಬಾದದ್ದುಂಟು. ಮೊಬೈಲ್ ಸಂಖ್ಯೆಯೂ ನಿಮ್ಮದೇ ಇರಲಿ, ಅಧಿಕಾರಿಯದಲ್ಲ.

ತರಬೇತಿಯನ್ನು ಕಂಪನಿಯೇ ಕೊಡುತ್ತದೆ. ಜೀವ ವಿಮಾ ನಿಗಮದಲ್ಲಿ ಇದು 25 ಗಂಟೆಗಳದು. ತರಗತಿಗೆ ಕೂರದೆ ಹಾಜರಿ ಹಾಕಿಸಿಕೊಳ್ಳುವ ಅಭ್ಯಾಸ ಕೆಲವೆಡೆ ಇದೆ ಎಂಬುದನ್ನು ಬಲ್ಲೆ. ಅದರ ಫಲ ಪರೀಕ್ಷೆಯಲ್ಲಲ್ಲ, ಮೊದಲ ಕ್ಲೇಮು ಬಂದಾಗ ಕಾಣುತ್ತದೆ.

ಮಹಿಳೆಯರು ಈಚೆಗೆ ಹೆಚ್ಚಾಗಿ ಕೇಳುವುದು ‘ಬಿಮಾ ಸಖಿ’ಯ ಬಗ್ಗೆ. 2024ರ ಡಿಸೆಂಬರ್ 9ರಂದು ಆರಂಭವಾದ ಜೀವ ವಿಮಾ ನಿಗಮದ ಈ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ, ಹತ್ತನೆಯ ತರಗತಿ ಪಾಸಾದ ಮಹಿಳೆಯರಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೆಯ ವರ್ಷ 6,000, ಮೂರನೆಯ ವರ್ಷ 5,000 ರೂಪಾಯಿ ಪ್ರೋತ್ಸಾಹಧನವಿದೆ, ನಿಗದಿಪಡಿಸಿದ ವ್ಯವಹಾರ ಮಾಡಿದರೆ ಮಾತ್ರ. ಇದು ಸಂಬಳದ ನೌಕರಿಯಲ್ಲ, ಪರೀಕ್ಷೆಯಿಂದ ವಿನಾಯಿತಿಯೂ ಇಲ್ಲ. ಇಲ್ಲಿ ವಿವರಿಸಿದ ದಾರಿಯಲ್ಲೇ ಬರಬೇಕು.

ಹೆಜ್ಜೆ ನಾಲ್ಕು: ಐಸಿ-38

ಪರೀಕ್ಷೆಯ ಪಠ್ಯಕ್ಕೆ ಐಸಿ-38 ಎಂದು ಹೆಸರು. ಇದನ್ನು ಸಿದ್ಧಪಡಿಸಿ ಪರೀಕ್ಷೆ ನಡೆಸುವುದು ಮುಂಬಯಿಯ ಇನ್‌ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ. ಜೀವ ವಿಮೆಯ ಪತ್ರಿಕೆಯಲ್ಲಿ 50 ಪ್ರಶ್ನೆ, ಒಂದು ಗಂಟೆಯ ಕಾಲ, ಪ್ರತಿ ಪ್ರಶ್ನೆಗೂ ಕೊಟ್ಟ ಆಯ್ಕೆಗಳಲ್ಲಿ ಒಂದನ್ನು ಗುರುತಿಸಬೇಕು. ಶೇಕಡಾ 35 ಬಂದರೆ ಪಾಸು, ಅಂದರೆ 18 ಉತ್ತರ ಸರಿಯಾದರೆ ಸಾಕು. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಪಠ್ಯವೂ ಪರೀಕ್ಷೆಯೂ ಕನ್ನಡದಲ್ಲಿವೆ.

ಓದುವವರು ಎರಡು ಬಗೆಯ ಪ್ರಶ್ನೆಗಳಿಗೆ ಸಮಯ ಕೊಡಲಿ. ಮೊದಲನೆಯದು ಲೆಕ್ಕ. ‘ಮಾನವ ಜೀವನದ ಮೌಲ್ಯ’ ಎಂಬ ಲೆಕ್ಕ ಕೇಳಲು ಗಹನವಾಗಿದೆ, ಮಾಡಲು ಸುಲಭವಾಗಿದೆ. ಸಿಂಧನೂರಿನ ಅಕ್ಕಿ ಗಿರಣಿಯ ಗುಮಾಸ್ತರೊಬ್ಬರ ವರ್ಷದ ಗಳಿಕೆ 2,16,000 ರೂಪಾಯಿ, ತಮ್ಮ ಸ್ವಂತಕ್ಕೆ ಖರ್ಚು ಮಾಡುವುದು 36,000 ಎಂದಿರಲಿ. ಕುಟುಂಬಕ್ಕೆ ಉಳಿಯುವುದು 1,80,000. ಅವರಿಲ್ಲದಾಗ ಇಷ್ಟೇ ಹಣ ಪ್ರತಿವರ್ಷ ಬಡ್ಡಿಯಾಗಿ ಬರಬೇಕಾದರೆ ಎಷ್ಟು ಗಂಟು ಬೇಕು? ಬಡ್ಡಿ ಶೇಕಡಾ 8 ಎಂದರೆ 1,80,000ವನ್ನು 0.08ರಿಂದ ಭಾಗಿಸಬೇಕು, ಉತ್ತರ 22,50,000. ಸ್ವಂತ ಖರ್ಚು ಕಳೆಯಲು ಮರೆತವರಿಗೆ 27 ಲಕ್ಷ ಬರುತ್ತದೆ, ಆ ತಪ್ಪು ಉತ್ತರವೂ ಆಯ್ಕೆಗಳಲ್ಲಿ ಇರುವ ಸಂಭವವಿದೆ. ಹಾಗೆಯೇ ಕಂತು ನಿಂತ ಪಾಲಿಸಿಯ ಪೇಯ್ಡ್-ಅಪ್ ಮೌಲ್ಯ, ಅಂದರೆ ಕಟ್ಟಿದ ವರ್ಷಗಳಿಗೆ ತಕ್ಕಂತೆ ಇಳಿದ ವಿಮಾ ಮೊತ್ತ: 4 ಲಕ್ಷದ, 20 ವರ್ಷ ಕಟ್ಟಬೇಕಾದ ಪಾಲಿಸಿಗೆ 5 ವರ್ಷ ಕಟ್ಟಿದ್ದರೆ ಬೋನಸ್ ಬಿಟ್ಟು 1 ಲಕ್ಷ.

ಎರಡನೆಯದು ಹತ್ತಿರ ಹತ್ತಿರದ ಅರ್ಥದ ಪದಗಳು. ನಾಮನಿರ್ದೇಶನ 39ನೆಯ ಕಲಮಿನದು, ಅದು ಹಣ ಪಡೆಯುವವರನ್ನು ಸೂಚಿಸುತ್ತದೆ, ಪಾಲಿಸಿ ಯಜಮಾನನಲ್ಲೇ ಉಳಿಯುತ್ತದೆ. ವರ್ಗಾವಣೆ 38ನೆಯ ಕಲಮಿನದು, ಅಲ್ಲಿ ಹಕ್ಕೇ ಕೈ ಬದಲಾಗುತ್ತದೆ. ವಿಮಾಹಿತ, ಅಂದರೆ ವಿಮೆ ಮಾಡಿಸುವವರಿಗೆ ಆ ಜೀವದಲ್ಲೋ ವಸ್ತುವಿನಲ್ಲೋ ಇರುವ ಆರ್ಥಿಕ ಹಿತ, ಜೀವ ವಿಮೆಯಲ್ಲಿ ಪಾಲಿಸಿ ಆರಂಭವಾಗುವಾಗ ಇರಬೇಕು, ಬೆಂಕಿ ವಿಮೆಯಲ್ಲಿ ಆರಂಭದಲ್ಲೂ ನಷ್ಟದ ಹೊತ್ತಿನಲ್ಲೂ ಇರಬೇಕು. ಇವನ್ನು ಜೋಡಿಯಾಗಿಯೇ ಓದಿದರೆ ಗೊಂದಲವಿಲ್ಲ.

ಹಳೆಯ ಅಭ್ಯರ್ಥಿಗಳಿಂದ ಕೈಬದಲಾಗಿ ಬಂದ ಪುಸ್ತಕವನ್ನು ನಂಬಬೇಡಿ. ಪಾಲಿಸಿ ಕೈಗೆ ಬಂದ ಮೇಲೆ ಬೇಡವೆಂದು ಹಿಂದಿರುಗಿಸಲು ಅದರಲ್ಲಿ 15 ದಿನವೆಂದು ಇರುತ್ತದೆ, 2024ರ ನಿಯಮದಂತೆ ಅದು 30 ದಿನ. ವಿಮಾ ಲೋಕಪಾಲರು ಕೊಡಿಸಬಹುದಾದ ಪರಿಹಾರದ ಮಿತಿಯೂ 30 ಲಕ್ಷದಿಂದ 50 ಲಕ್ಷಕ್ಕೆ ಏರಿದೆ.

ಪರೀಕ್ಷೆಯ ದಿನ ಹಾಲ್ ಟಿಕೆಟ್ ಮತ್ತು ಮೂಲ ಗುರುತಿನ ಚೀಟಿ ಕೈಯಲ್ಲಿರಲಿ. ಜೆರಾಕ್ಸ್ ಪ್ರತಿ ನಡೆಯುವುದಿಲ್ಲ. ಎರಡರ ಹೆಸರೂ ಒಂದೇ ಆಗಿರಬೇಕು ಎಂಬ ಮಾತು ಇಲ್ಲಿ ಮತ್ತೆ ಬರುತ್ತದೆ. ಫೇಲಾದರೆ ಶುಲ್ಕ ಕಟ್ಟಿ ಮತ್ತೆ ಬರೆಯಬಹುದು. ಪಾಸಾದವರು ನೆನಪಿಡಬೇಕಾದದ್ದು, ಮೊದಲ ಬಾರಿ ಏಜೆಂಟ್ ಆಗುವವರ ಪ್ರಮಾಣಪತ್ರಕ್ಕೆ 12 ತಿಂಗಳ ಆಯಸ್ಸಿದೆ. ಅಷ್ಟರೊಳಗೆ ನೇಮಕವಾಗದಿದ್ದರೆ ಮತ್ತೆ ಪರೀಕ್ಷೆ ಬರೆಯಬೇಕು.

ಹೆಜ್ಜೆ ಐದು: ಐ-ಎ ಅರ್ಜಿ ಮತ್ತು ಒಪ್ಪಂದ

ಪಾಸಾದ ಪ್ರಮಾಣಪತ್ರವೇ ಏಜೆನ್ಸಿಯಲ್ಲ. ಐ-ಎ ಎಂಬ ನಮೂನೆಯಲ್ಲಿ ಕಂಪನಿಯ ನಿಯೋಜಿತ ಅಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಅದರಲ್ಲಿ ವೈಯಕ್ತಿಕ ವಿವರ, ವಿದ್ಯಾಭ್ಯಾಸ, ಪ್ಯಾನ್, ಬೇರೆ ಕಂಪನಿಯ ಏಜೆನ್ಸಿ ಇದೆಯೇ ಎಂಬ ಪ್ರಶ್ನೆ ಮತ್ತು ಅನರ್ಹತೆ ಇಲ್ಲವೆಂಬ ಘೋಷಣೆ ಇರುತ್ತವೆ. ಖಾಲಿ ನಮೂನೆಗೆ ಸಹಿ ಹಾಕಿ ‘ನೀವೇ ತುಂಬಿಕೊಳ್ಳಿ ಸಾರ್’ ಎಂದು ಬಿಟ್ಟು ಬರಬೇಡಿ. ಘೋಷಣೆ ನಿಮ್ಮದು, ಸುಳ್ಳಾದರೆ ಹೊಣೆಯೂ ನಿಮ್ಮದೇ. ಇನ್ನೊಂದು ಕಂಪನಿಯ ಏಜೆನ್ಸಿಯ ಜಾಗದಲ್ಲಿ ‘ಇಲ್ಲ’ ಎಂದು ಬೇರೆಯವರು ಬರೆದು, ಪೋರ್ಟಲ್‌ನಲ್ಲಿ ಹಳೆಯ ನೇಮಕ ಕಂಡಾಗ ಅದು ಮರೆವೋ ಮರೆಮಾಚುವಿಕೆಯೋ ಎಂದು ವಿವರಿಸುತ್ತಾ ಕೂರಬೇಕಾಗುತ್ತದೆ.

ಅಧಿಕಾರಿಯು ಪ್ಯಾನ್ ಮೂಲಕ ಬೇರೆ ಏಜೆನ್ಸಿಗಳನ್ನೂ ಕಪ್ಪುಪಟ್ಟಿಯನ್ನೂ ನೋಡಿ, ಎಲ್ಲ ಕಾಗದ ತಲುಪಿದ 15 ದಿನಗಳೊಳಗೆ ಅರ್ಜಿಯನ್ನು ತೀರ್ಮಾನಿಸಬೇಕು. ‘ಎಲ್ಲ ಕಾಗದ’ ಎಂಬುದನ್ನು ಗಮನಿಸಿ. ಒಂದು ಭಾವಚಿತ್ರ ಕಡಿಮೆಯಿದ್ದರೂ ಈ ಎಣಿಕೆ ಆರಂಭವಾಗುವುದಿಲ್ಲ. ಅದಕ್ಕಾಗಿ ಸಲ್ಲಿಸಿದ್ದಕ್ಕೆ ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಅದರ ವಿರುದ್ಧ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಮನವಿ ಸಲ್ಲಿಸಬಹುದು.

ನೇಮಕವಾದರೆ ನೇಮಕಾತಿ ಪತ್ರ, ಏಜೆನ್ಸಿ ಕೋಡ್ ಮತ್ತು ಗುರುತಿನ ಚೀಟಿ ಬರುತ್ತವೆ. ಪತ್ರದ ಜೊತೆಗಿನ ಷರತ್ತುಗಳನ್ನು ಹೊಸಬರು ಓದುವುದಿಲ್ಲ, ಆದರೆ ಓದಬೇಕಾದದ್ದು ಅದೇ. ವರ್ಷಕ್ಕೆ ಕನಿಷ್ಠ ಎಷ್ಟು ವ್ಯವಹಾರ ಮಾಡಬೇಕು, ಮಾಡದಿದ್ದರೆ ಏಜೆನ್ಸಿ ಏನಾಗುತ್ತದೆ, ಬಿಟ್ಟ ಮೇಲೆ ಹಳೆಯ ಪಾಲಿಸಿಗಳ ಮುಂದಿನ ಕಂತುಗಳ ಮೇಲಿನ ನವೀಕರಣ ಕಮಿಷನ್ ಬರುತ್ತದೆಯೇ, ಏಜೆಂಟ್ ತೀರಿಕೊಂಡರೆ ಅದು ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಕೇಳಿ.

ಕೋಡ್ ಬರುವ ಮುನ್ನ ಮತ್ತು ಬಂದ ಮರುದಿನ

ನೇಮಕವಾಗದೆ ಏಜೆಂಟನಂತೆ ಕೆಲಸ ಮಾಡಿದವರಿಗೆ 10,000 ರೂಪಾಯಿಯವರೆಗೆ ದಂಡವಿದೆ. ತರಬೇತಿಯಲ್ಲಿರುವಾಗಲೇ ನೆಂಟರಿಂದ ಕಂತಿನ ಹಣ ತಂದು, ಮತ್ತೊಬ್ಬರ ಕೋಡಿನಲ್ಲಿ ಪಾಲಿಸಿ ಮಾಡಿಸಿ, ‘ನಿನ್ನ ಕೋಡ್ ಬಂದ ಮೇಲೆ ನಿನಗೆ ಸೇರಿಸುತ್ತೇನೆ’ ಎಂಬ ಮಾತಿಗೆ ಒಪ್ಪುವವರಿದ್ದಾರೆ. ಹಾಗೆ ಸೇರುವುದಿಲ್ಲ. ಕಮಿಷನ್ ಆ ಮತ್ತೊಬ್ಬರದು, ನೆಂಟರ ಪ್ರಶ್ನೆಗಳು ಮಾತ್ರ ನಿಮ್ಮವು.

ಕೋಡ್ ಬಂದ ಮೇಲೆ ಮೊದಲ ಪ್ರಸ್ತಾವನೆಯಲ್ಲಿ ಎದುರಾಗುವುದು ಕನ್ನಡ ಓದಲು ಬಾರದ, ಹೆಬ್ಬೆಟ್ಟು ಒತ್ತುವ ಗ್ರಾಹಕರು. ಪ್ರಶ್ನೆಗಳನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ಅವರು ಹೇಳಿದ್ದನ್ನೇ ಬರೆದೆವೆಂಬ ಘೋಷಣೆಗೆ ಪ್ರಸ್ತಾವನೆ ಪತ್ರದಲ್ಲೇ ಜಾಗವಿದೆ. ಅದನ್ನು ಖಾಲಿ ಬಿಡಬಾರದು. ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಗೆ ಕೇಳದೆಯೇ ‘ಇಲ್ಲ’ ಎಂದು ಗುರುತು ಹಾಕಿದರೆ ಮೂರು ವರ್ಷದೊಳಗಿನ ಕ್ಲೇಮಿನಲ್ಲಿ ಕಂಪನಿ ಅದನ್ನು ಪ್ರಶ್ನಿಸಬಹುದು. ಅದರ ಜೊತೆಗೆ ನೀವು ಬರೆಯುವ ಏಜೆಂಟರ ಗೋಪ್ಯ ವರದಿಯೂ ಇರುತ್ತದೆ: ಗ್ರಾಹಕರನ್ನು ಎಷ್ಟು ಕಾಲದಿಂದ ಬಲ್ಲಿರಿ, ಆರೋಗ್ಯ ಹೇಗೆ ಕಂಡಿತು, ಆದಾಯವೇನು ಎಂಬುದನ್ನು ಅದರಲ್ಲಿ ನೀವು ಕಂಡಂತೆ ಬರೆಯಬೇಕು.

‘ಮೊದಲ ಕಂತಿನಲ್ಲಿ ಎಷ್ಟು ಬಿಡುತ್ತೀ?’ ಎಂದು ಕೇಳದ ಗ್ರಾಹಕರು ನಮ್ಮ ಕಡೆ ಅಪರೂಪ. ಕಮಿಷನ್ನಿನಲ್ಲಿ ಪಾಲು ಬಿಡುವುದನ್ನು 41ನೆಯ ಕಲಮು ನಿಷೇಧಿಸುತ್ತದೆ, ದಂಡ 10 ಲಕ್ಷ ರೂಪಾಯಿಯವರೆಗೆ, ಬಿಟ್ಟವರಿಗೂ ಪಡೆದವರಿಗೂ. ಗಂಗಮ್ಮ ತನ್ನ ಮೊದಲ ಗ್ರಾಹಕನಾದ ಸೋದರಮಾವನಿಗೆ ಪ್ರಸ್ತಾವನೆ ಪತ್ರದಲ್ಲೇ ಅಚ್ಚಾಗಿದ್ದ ಆ ಕಲಮನ್ನು ಬೆರಳಿಟ್ಟು ಓದಿ ಹೇಳಿದಳಂತೆ. ಮಾವ ಪೂರ್ತಿ ಕಂತು ಕೊಟ್ಟು ರಸೀದಿ ಕೇಳಿದರು, ಆಕೆ ಹಣವನ್ನು ಅಂದೇ ಶಾಖೆಯಲ್ಲಿ ಕಟ್ಟಿ ರಸೀದಿ ತಂದುಕೊಟ್ಟಳು. ರಸೀದಿಯಲ್ಲಿ ಮಾವನ ಹೆಸರಿನ ಒಂದಕ್ಷರ ತಪ್ಪಿತ್ತು. ಅದನ್ನು ತಿದ್ದಿಸಲು ಮರುದಿನ ಮತ್ತೆ ಹೋದಳು.